ನಲವತ್ತು ಮಂದಿಯ ಉತ್ತರ, ನಾಡಿಗೆಲ್ಲ ಅಪ್ಪಣೆ

ನರ್ಸಿಂಗ್ ಕಾಲೇಜಿನ ಗ್ರಂಥಾಲಯದಲ್ಲಿ ಎಂ.ಎಸ್ಸಿ. ಪ್ರಬಂಧಗಳ ಸಾಲಿನಿಂದ ಎರಡನ್ನು ತೆಗೆದು ಕೊನೆಯ ಅಧ್ಯಾಯ ತೆರೆಯಿರಿ. ‘ಇಂಪ್ಲಿಕೇಶನ್ಸ್’ ಎಂಬ ಭಾಗ ಸಿಗುತ್ತದೆ. ಅಧ್ಯಯನದಲ್ಲಿ ಕಂಡದ್ದರಿಂದ ವಾರ್ಡಿನ ಕೆಲಸದಲ್ಲಿ ಏನು ಬದಲಾಗಬಹುದು ಎಂದು ಹೇಳುವ ಜಾಗ ಅದು. ಎಷ್ಟೋ ಪ್ರಬಂಧಗಳಲ್ಲಿ ಇದನ್ನು ಒಂದರಿಂದ ಕಿತ್ತು ಇನ್ನೊಂದಕ್ಕೆ ಅಂಟಿಸಿದರೂ ವ್ಯತ್ಯಾಸ ಗೊತ್ತಾಗುವುದಿಲ್ಲ. ನರ್ಸ್‌ಗಳು ಜ್ಞಾನ ಹೆಚ್ಚಿಸಿಕೊಳ್ಳಬೇಕು, ಆಡಳಿತ ತರಬೇತಿ ಏರ್ಪಡಿಸಬೇಕು ಎಂಬ ಮಾತು ಬರೆಯಲು ಎರಡು ವರ್ಷದ ಅಧ್ಯಯನವೇ ಬೇಕಿಲ್ಲ.

ಹೀಗೊಂದು ಪ್ರಬಂಧ ಇದೆ ಎಂದುಕೊಳ್ಳಿ. ಮೂತ್ರಕ್ಕೆ ಹಾಕುವ ಕ್ಯಾತಿಟರ್‌ನಿಂದ ಬರುವ ಸೋಂಕನ್ನು ತಡೆಯುವ ಬಗ್ಗೆ ಒಂದೇ ಆಸ್ಪತ್ರೆಯ 40 ಸ್ಟಾಫ್ ನರ್ಸ್‌ಗಳಿಗೆ 30 ಪ್ರಶ್ನೆ ಕೊಟ್ಟರು. ಸರಾಸರಿ 14 ಅಂಕ ಬಂತು. ಒಂದು ಗಂಟೆ ಪಾಠ ಮಾಡಿ, ಏಳನೆಯ ದಿನ ಅದೇ ಪ್ರಶ್ನೆಗಳನ್ನು ಮತ್ತೆ ಕೊಟ್ಟಾಗ ಸರಾಸರಿ 22ಕ್ಕೆ ಏರಿತು. ಲೆಕ್ಕ ಸರಿಯಾಗಿದೆ, ಏರಿಕೆ ಆಕಸ್ಮಿಕವಲ್ಲ. ಆಮೇಲೆ ವಿದ್ಯಾರ್ಥಿನಿ ಬರೆಯುತ್ತಾಳೆ: ‘ಈ ಪಾಠದಿಂದ ಸೋಂಕು ಕಡಿಮೆಯಾಗುತ್ತದೆ. ಎಲ್ಲ ಆಸ್ಪತ್ರೆಗಳೂ ಇದನ್ನು ಕಡ್ಡಾಯ ಮಾಡಬೇಕು.’

ಇಲ್ಲಿ ಮೂರು ಕಡೆ ಹೆಜ್ಜೆ ತಪ್ಪಿದೆ. ಆಕೆ ಅಳೆದದ್ದು ತಿಳಿವಳಿಕೆಯನ್ನು. ನರ್ಸ್ ಹಾಸಿಗೆಯ ಪಕ್ಕ ಏನು ಮಾಡಿದಳೆಂದು ನೋಡಿಲ್ಲ, ಸೋಂಕು ಎಷ್ಟು ಮಂದಿಗೆ ಬಂತೆಂದು ಎಣಿಸಿಲ್ಲ. ಎರಡನೆಯದಾಗಿ, ಪಾಠ ಕೇಳದ ಇನ್ನೊಂದು ಗುಂಪು ಇರಲಿಲ್ಲ. ಮೊದಲ ಸಲ ಉತ್ತರಿಸಿದವರು ಡ್ಯೂಟಿ ಮುಗಿಸಿ ತಮ್ಮತಮ್ಮಲ್ಲೇ ಚರ್ಚಿಸಿರಬಹುದು, ಪುಸ್ತಕ ತೆರೆದಿರಬಹುದು. ಆದ್ದರಿಂದ ಏರಿದ ಎಂಟೂ ಅಂಕ ಪಾಠದ್ದೇ ಎನ್ನಲಾಗದು. ಮೂರನೆಯದು, ಸುಲಭಕ್ಕೆ ಸಿಕ್ಕ 40 ಮಂದಿಯಿಂದ ‘ಎಲ್ಲ ಆಸ್ಪತ್ರೆ’ಗೆ ಹಾರಿದ್ದು.

ಹಾಗಾದರೆ ಬರೆಯಲು ಏನೂ ಉಳಿಯಲಿಲ್ಲವೇ? ಉಳಿದಿದೆ, ಆದರೆ ಅದು ಸರಾಸರಿಯಲ್ಲಿಲ್ಲ, ಒಂದೊಂದು ಪ್ರಶ್ನೆಯ ಉತ್ತರದಲ್ಲಿದೆ. ಯೂರಿನ್ ಬ್ಯಾಗ್ ಮೂತ್ರಕೋಶಕ್ಕಿಂತ ಕೆಳಗಿರಬೇಕು ಎಂಬುದು ಪಾಠಕ್ಕೆ ಮೊದಲೇ 36 ಮಂದಿಗೆ ಗೊತ್ತಿತ್ತು. ಕ್ಯಾತಿಟರ್ ಇನ್ನೂ ಬೇಕೇ ಎಂದು ದಿನವೂ ಪರಿಶೀಲಿಸಬೇಕು ಎಂಬುದಕ್ಕೆ ಸರಿ ಉತ್ತರ ಕೊಟ್ಟವರು ಮೊದಲು 11, ಆಮೇಲೆ 33. ಸುಮ್ಮನೆ ಇಷ್ಟು ದಿನಕ್ಕೊಮ್ಮೆ ಎಂದು ಕ್ಯಾತಿಟರ್ ಬದಲಿಸುವ ಅಗತ್ಯವಿಲ್ಲ ಎಂಬ ಪ್ರಶ್ನೆಗೆ ಮಾತ್ರ 9 ಇದ್ದದ್ದು 12 ಆಯಿತು, ಅಷ್ಟೇ.

ಈಗ ಬರೆಯಬಹುದಾದ ಮಾತು ತಾನಾಗಿ ಕಾಣುತ್ತದೆ: ‘ಈ ಆಸ್ಪತ್ರೆಯ ಮುಂದಿನ ತರಬೇತಿಯಲ್ಲಿ ಬ್ಯಾಗ್ ಇಡುವ ಎತ್ತರಕ್ಕಿಂತ ದಿನನಿತ್ಯದ ಪರಿಶೀಲನೆಗೆ ಹೆಚ್ಚು ಸಮಯ ಕೊಡುವುದನ್ನು ಯೋಚಿಸಬಹುದು. ಕ್ಯಾತಿಟರ್ ಬದಲಿಸುವ ವಿಷಯವನ್ನು ಈ ಪಾಠ ಮನದಟ್ಟು ಮಾಡಿಲ್ಲ. ಅದನ್ನು ಬೇರೆ ರೀತಿಯಲ್ಲಿ ಕಲಿಸಿ ನೋಡಬಹುದು.’ ಮಾತು ಚಿಕ್ಕದು, ಆದರೆ ಆ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ನಾಳೆಯೇ ಬಳಸಬಲ್ಲದ್ದು. ಅವರು ಯಾಕೆ ಕಲಿಯಲಿಲ್ಲ ಎಂಬ ಕಾರಣ ಮಾತ್ರ ಬರೆಯುವಂತಿಲ್ಲ. ಅದನ್ನು ಯಾರೂ ಕೇಳಿಲ್ಲ.

ಇನ್ನೊಂದು ಗುಂಡಿಯಿದೆ. ಸೇವಾ ಅನುಭವಕ್ಕೂ ಅಂಕಕ್ಕೂ ಸಂಬಂಧ ಕಂಡುಬರಲಿಲ್ಲ ಎಂದು ಕೋಷ್ಟಕ ಹೇಳುತ್ತದೆ. ‘ಆದ್ದರಿಂದ ಅನುಭವ ಮುಖ್ಯವಲ್ಲ’ ಎಂದು ಬರೆದರೆ ಕೆಟ್ಟಿತು. ನಲವತ್ತು ಮಂದಿಯನ್ನು ಅನುಭವದ ನಾಲ್ಕು ಗುಂಪು ಮಾಡಿದರೆ ಒಂದೊಂದರಲ್ಲಿ ಹತ್ತು ಮಂದಿಯ ಆಸುಪಾಸು. ಇರುವ ಸಂಬಂಧವೂ ಅಷ್ಟರಲ್ಲಿ ಕಾಣದೆ ಹೋಗಬಹುದು. ಕಾಣಲಿಲ್ಲ ಎಂಬುದು ಬೇರೆ, ಇಲ್ಲ ಎಂಬುದು ಬೇರೆ.

ಪ್ರಬಂಧದ ಭಾಷೆ ಇಂಗ್ಲಿಷ್ ಆದರೂ ಒಂದು ಪರೀಕ್ಷೆಯನ್ನು ಕನ್ನಡದಲ್ಲೇ ಮಾಡಿಕೊಳ್ಳಬಹುದು. ನೀವು ಬರೆದ ಪ್ರತಿ ವಾಕ್ಯವನ್ನೂ ಬಾಯಲ್ಲಿ ಹೇಳಿಕೊಳ್ಳಿ. ಅದು ‘ಬೇಕು’ ಎಂದು ಮುಗಿಯುತ್ತದೋ, ‘ಬಹುದು’ ಎಂದೋ? ಒಂದೇ ಆಸ್ಪತ್ರೆಯ, ಹೋಲಿಕೆಯ ಗುಂಪಿಲ್ಲದ ಅಧ್ಯಯನಕ್ಕೆ ‘ಬಹುದು’ ದಾಟುವ ಅಧಿಕಾರವಿಲ್ಲ. ಪ್ರಾಕ್ಟೀಸ್, ಶಿಕ್ಷಣ, ಆಡಳಿತ, ಸಂಶೋಧನೆ ಎಂಬ ನಾಲ್ಕು ಶೀರ್ಷಿಕೆಗಳು ರೂಢಿಯಲ್ಲಿವೆ ನಿಜ. ಆದರೆ ನಿಮ್ಮ ಫಲಿತಾಂಶ ಆಡಳಿತದ ಬಗ್ಗೆ ಏನೂ ಹೇಳದಿದ್ದರೆ ಆ ಶೀರ್ಷಿಕೆಯ ಕೆಳಗೆ ಒಂದೇ ಸಾಲು ಇರಲಿ. ಪುಟ ತುಂಬಿಸಲು ಹೊರಟಾಗಲೇ ಇಲ್ಲದ ಮಾತು ನುಸುಳುವುದು.

ವೈವಾಕ್ಕೆ ಹೋಗುವ ಮುನ್ನ ಪೆನ್ಸಿಲ್ ಹಿಡಿದು ಕೂತು, ಈ ಭಾಗದ ಪ್ರತಿ ವಾಕ್ಯದ ಪಕ್ಕ ಅದಕ್ಕೆ ಆಧಾರವಾದ ಕೋಷ್ಟಕದ ಸಂಖ್ಯೆ ಬರೆಯಿರಿ. ಸಂಖ್ಯೆ ಸಿಗದ ವಾಕ್ಯವನ್ನು ನೀವೇ ಹೊಡೆದುಹಾಕಿ. ಪರೀಕ್ಷಕರು ಮೊದಲು ಬೆರಳಿಡುವುದು ಅಲ್ಲೇ.