ತಿಂಗಳ 3ಕ್ಕೆ ಒಂದೇ ಇಮೇಲ್

ಸಣ್ಣ ತೆರಿಗೆ ಸಲಹಾ ಕಚೇರಿಗಳು ಇನ್‌ಸ್ಟಾಗ್ರಾಂನಲ್ಲಿ ಚಿತ್ರವೊಂದನ್ನು ಹಾಕಿ, ಕೆಳಗೆ "ನಮ್ಮ ಸುದ್ದಿಪತ್ರಕ್ಕೆ ಇಂದೇ ಸೇರಿ, ಹೊಸ ಮಾಹಿತಿ ಪಡೆಯಿರಿ" ಎಂದು ಬರೆದು ಸುಮ್ಮನಾಗುತ್ತವೆ. ಬರುವುದೇನು, ದಿನಾ ಬರುತ್ತದೋ ವರ್ಷಕ್ಕೊಮ್ಮೆಯೋ, ಓದಿದವರಿಗೆ ತಿಳಿಯುವುದಿಲ್ಲ. ತಿಳಿಯದಿದ್ದರೆ ಇಮೇಲ್ ವಿಳಾಸ ಯಾರು ಕೊಡುತ್ತಾರೆ?

ಇಬ್ಬರೇ ನಡೆಸುವ ಒಂದು ಜಿಎಸ್‌ಟಿ ಕಚೇರಿ ಎಂದಿಟ್ಟುಕೊಳ್ಳಿ. ಗಿರಾಕಿಗಳು ಹಾರ್ಡ್‌ವೇರ್ ಅಂಗಡಿ, ಔಷಧದಂಗಡಿಯವರು. ಸುದ್ದಿಪತ್ರ ಯಾವಾಗ ಹೋಗಬೇಕೆಂಬುದನ್ನು ಗಡುವುಗಳೇ ತೀರ್ಮಾನಿಸುತ್ತವೆ. ಹಿಂದಿನ ತಿಂಗಳು ಹಿಡಿದ ಟಿಡಿಎಸ್ ಅನ್ನು ಸಾಮಾನ್ಯವಾಗಿ 7ರೊಳಗೆ ಕಟ್ಟಬೇಕು. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು ಮಾರಾಟದ ವಿವರವಾದ ಜಿಎಸ್‌ಟಿಆರ್-1 ಅನ್ನು 11ಕ್ಕೆ, ತೆರಿಗೆ ಕಟ್ಟುವ 3ಬಿಯನ್ನು 20ಕ್ಕೆ ಮುಗಿಸಬೇಕು. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ವಹಿವಾಟೇ ಇಲ್ಲದಿದ್ದರೂ 20. ಹಾಗಾಗಿ ಪತ್ರ 7ಕ್ಕಿಂತ ಮುಂಚೆಯೇ ತಲುಪಬೇಕು. ವಾರಕ್ಕೊಂದು ಕಳಿಸುತ್ತೇವೆ ಎನ್ನುವ ಹುಮ್ಮಸ್ಸು ಇಲ್ಲಿ ನಡೆಯದು. 8ರಿಂದ 20ರವರೆಗೆ ಆ ಇಬ್ಬರಿಗೆ ತಲೆಯೆತ್ತಲೂ ಪುರಸೊತ್ತಿರುವುದಿಲ್ಲ.

ಇಷ್ಟು ಲೆಕ್ಕ ಹಾಕಿದ ಮೇಲೆ ಅಡಿಬರಹ ಹೀಗಾಗುತ್ತದೆ:

"ಪ್ರತಿ ತಿಂಗಳ 3ಕ್ಕೆ ಒಂದು ಇಮೇಲ್: ಆ ತಿಂಗಳ ಜಿಎಸ್‌ಟಿ, ಟಿಡಿಎಸ್ ಗಡುವುಗಳು. ಜೊತೆಗೆ ಬದಲಾದ ಒಂದು ನಿಯಮ, ಅಂಗಡಿ ಬಿಲ್ಲಿನ ಉದಾಹರಣೆ ಸಮೇತ. ಸರ್ಕಾರ ಗಡುವು ಮುಂದೂಡಿದರೆ ಮಾತ್ರ ಇನ್ನೊಂದು ಇಮೇಲ್. ಕನ್ನಡದಲ್ಲಿ, ಉಚಿತ. ಬೇಡವೆನಿಸಿದಾಗ ಇಮೇಲ್‌ನ ಕೊನೆಯಲ್ಲಿರುವ ಲಿಂಕ್ ಒತ್ತಿ ಬಿಡಬಹುದು. ಸೇರುವ ಲಿಂಕ್ ನಮ್ಮ ಪ್ರೊಫೈಲ್‌ನಲ್ಲಿದೆ."

ದಿನ ಮತ್ತು ವಿಷಯ ಮೊದಲ ವಾಕ್ಯದಲ್ಲೇ ಇರುವುದಕ್ಕೆ ಕಾರಣವಿದೆ. ಇನ್‌ಸ್ಟಾಗ್ರಾಂ ಮೊದಲ ಒಂದೆರಡು ಸಾಲು ತೋರಿಸಿ ಉಳಿದದ್ದನ್ನು ಮಡಚಿಡುತ್ತದೆ; ಕಚೇರಿಯ ಹೆಸರು, ಹಬ್ಬದ ಶುಭಾಶಯದಿಂದ ಶುರುಮಾಡಿದರೆ ಹೇಳಬೇಕಾದ್ದು ಮಡಿಕೆಯೊಳಗೇ ಉಳಿಯುತ್ತದೆ. ಅಡಿಬರಹದಲ್ಲಿ ಹಾಕಿದ ಲಿಂಕ್ ಅಲ್ಲಿ ಒತ್ತಿದರೆ ತೆರೆಯುವುದೂ ಇಲ್ಲ. ಅದಕ್ಕೇ ಪ್ರೊಫೈಲ್‌ನ ಮಾತು. "ಗಡುವು ಮುಂದೂಡಿದರೆ ಮಾತ್ರ" ಎಂಬುದನ್ನೂ ಕೈಬಿಡಬಾರದು. ಒಂದೇ ಎಂದು ಹೇಳಿ ಎರಡನೆಯದು ಬಂದರೆ ಜನ ಸ್ಪ್ಯಾಮ್ ಗುಂಡಿ ಒತ್ತುತ್ತಾರೆ. ಹಾಗೆ ಒತ್ತುವವರು ಹೆಚ್ಚಾದರೆ ಉಳಿದವರಿಗೆ ಕಳಿಸಿದ್ದೂ ಸ್ಪ್ಯಾಮ್ ಪೆಟ್ಟಿಗೆಗೆ ಬೀಳತೊಡಗುತ್ತದೆ.

ಕಾನೂನಿನ ಮಾತೂ ಉಂಟು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಪಡೆಯುವುದು ನಿರ್ದಿಷ್ಟ ಉದ್ದೇಶಕ್ಕೆ. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳುವಂತಿರಬೇಕು. ಗಡುವು ತಿಳಿಸಲೆಂದು ಪಡೆದ ವಿಳಾಸಕ್ಕೆ ಸಾಲದ ಜಾಹೀರಾತು ಕಳಿಸಿದರೆ ಅದು ಆ ಒಪ್ಪಿಗೆಯೊಳಗೆ ಬರುವುದಿಲ್ಲ.

ಹೇಳಿಕೊಳ್ಳುವಂಥ ನಿಯಮ ಬದಲಾಗದ ತಿಂಗಳೂ ಇರುತ್ತದೆ. ಆಗ ಗಡುವುಗಳನ್ನಷ್ಟೇ ನಾಲ್ಕು ಸಾಲಿನಲ್ಲಿ ಬರೆದು, "ಈ ತಿಂಗಳು ಹೊಸ ನಿಯಮವಿಲ್ಲ" ಎಂದು 3ಕ್ಕೇ ಕಳಿಸಿದರೆ ಸಾಕು.