ಪ್ರೂಫಿನ ಅಂಚಿನ ಪ್ರಶ್ನೆಗೆ ಉತ್ತರಿಸುವ ಬಗೆ

ಸಂಶೋಧನಾ ಲೇಖನ ಪ್ರಕಟವಾಗುವ ಮುನ್ನ ಅದರ ಪುಟಗಳ ಪ್ರೂಫ್ ಲೇಖಕರಿಗೆ ಬರುತ್ತದೆ. ಅಂಚಿನಲ್ಲಿ ಪುಟ ಜೋಡಿಸಿದವರ ಪ್ರಶ್ನೆಗಳಿರುತ್ತವೆ. ಅವುಗಳಲ್ಲಿ ಹಲವು ಆಕರಗಳ ಬಗ್ಗೆ: ಇಸವಿ ಹೊಂದುತ್ತಿಲ್ಲ, ಪುಟಸಂಖ್ಯೆ ಬಿಟ್ಟುಹೋಗಿದೆ, ಪಠ್ಯದಲ್ಲಿರುವ ಹೆಸರು ಪಟ್ಟಿಯಲ್ಲಿಲ್ಲ. ಕೇಳುವವರು ವಿಷಯತಜ್ಞರಲ್ಲ. ನಾವು ಬರೆದುಕೊಟ್ಟದ್ದನ್ನು ಬರೆದಂತೆಯೇ ಜೋಡಿಸುತ್ತಾರೆ. ಹಾಗಾಗಿ ಅರೆಬರೆ ಉತ್ತರ ಕೊಟ್ಟರೆ ಹಳೆಯ ತಪ್ಪಿನ ಜಾಗದಲ್ಲಿ ಹೊಸದೊಂದು ಬಂದು ಕೂರುತ್ತದೆ.

ರಾಮನ್ ಪರಿಣಾಮದ ಚರಿತ್ರೆಯನ್ನು ಹೇಳುವ ಒಂದು ಲೇಖನವಿದೆ ಎಂದುಕೊಳ್ಳಿ. ಮೂರನೇ ಪುಟದಲ್ಲಿ ‘ರಾಮನ್ 1928’ ಎಂದಿದೆ. ಪಟ್ಟಿಯಲ್ಲಿ ಆ ವರ್ಷ ರಾಮನ್ ಒಬ್ಬರೇ ಬರೆದ ಎರಡು ಲೇಖನಗಳಿವೆ. ‘ಎ ನ್ಯೂ ರೇಡಿಯೇಶನ್’ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನ 2ನೇ ಸಂಪುಟದ 387ನೇ ಪುಟದಿಂದ ಶುರುವಾಗುತ್ತದೆ. ‘ಎ ಚೇಂಜ್ ಆಫ್ ವೇವ್‌-ಲೆಂತ್ ಇನ್ ಲೈಟ್ ಸ್ಕ್ಯಾಟರಿಂಗ್’ ನೇಚರ್ ಪತ್ರಿಕೆಯ 121ನೇ ಸಂಪುಟದ 619ನೇ ಪುಟದಲ್ಲಿದೆ. ಅದೇ ಸಂಪುಟದ 501ನೇ ಪುಟದಲ್ಲಿ ಕೆ.ಎಸ್. ಕೃಷ್ಣನ್ ಜೊತೆ ಬರೆದ ಇನ್ನೊಂದಿದೆ. ಅಂಚಿನ ಪ್ರಶ್ನೆ: ಇದು ಯಾವ 1928?

‘ನೇಚರ್ ಲೇಖನ’ ಎಂದು ಉತ್ತರಿಸಿದರೆ ಗೊಂದಲ ಉಳಿಯುತ್ತದೆ, ಏಕೆಂದರೆ ನೇಚರ್‌ನಲ್ಲೇ ಎರಡಿವೆ. ಮೊದಲು ಪಠ್ಯದ ವಾಕ್ಯವನ್ನು ಓದಬೇಕು. ಅದು 1928ರ ಮಾರ್ಚ್ 16ರಂದು ರಾಮನ್ ಬೆಂಗಳೂರಿನಲ್ಲಿ ಮಾಡಿದ ಉಪನ್ಯಾಸದ ಬಗ್ಗೆ ಹೇಳುತ್ತಿದ್ದರೆ ಬೇಕಾದದ್ದು ‘ಎ ನ್ಯೂ ರೇಡಿಯೇಶನ್’, ಏಕೆಂದರೆ ಆ ಉಪನ್ಯಾಸವೇ ಈ ಲೇಖನವಾಗಿ ಅಚ್ಚಾಯಿತು. ನೆನಪನ್ನಾಗಲಿ ಬೇರೆಯವರ ಆಕರ ಪಟ್ಟಿಯನ್ನಾಗಲಿ ನಂಬದೆ ಮೂಲ ಲೇಖನದ ಮೊದಲ ಪುಟವನ್ನೇ ತೆರೆದು ನೋಡಬೇಕು.

ಇನ್ನು ಗುರುತು. ಶೀರ್ಷಿಕೆಯ ಅಕಾರಾದಿಯಂತೆ ಎ, ಬಿ ಕೊಡುವುದು ಪತ್ರಿಕೆಯ ಕ್ರಮವಾದರೆ, ಮೊದಲಿನ ‘ಎ’ ಬಿಟ್ಟು ‘ಚೇಂಜ್’ 1928ಎ, ‘ನ್ಯೂ’ 1928ಬಿ ಆಗುತ್ತವೆ. ಎಡವುವುದು ಇಲ್ಲೇ: ಪ್ರಶ್ನೆ ಬಂದ ಜಾಗವನ್ನಷ್ಟೇ ತಿದ್ದಿ, ಏಳನೇ ಪುಟದಲ್ಲಿರುವ ಇನ್ನೊಂದು ‘ರಾಮನ್ 1928’ ಅನ್ನು ಮರೆಯುತ್ತೇವೆ. ಇಡೀ ಪ್ರೂಫಿನಲ್ಲಿ ಹೆಸರನ್ನು ಹುಡುಕಿದ ಮೇಲೆಯೇ ಉತ್ತರ ಬರೆಯಬೇಕು:

“ಪುಟ 3, ಸಾಲು 12: ‘ರಾಮನ್ 1928’ ತೆಗೆದು ‘ರಾಮನ್ 1928ಬಿ’ ಹಾಕಿ. ಪುಟ 7, ಸಾಲು 4: ‘ರಾಮನ್ 1928’ ತೆಗೆದು ‘ರಾಮನ್ 1928ಎ’ ಹಾಕಿ. ಪಟ್ಟಿಯಲ್ಲಿ 619ನೇ ಪುಟದ ಲೇಖನಕ್ಕೆ ಎ, 387ನೇ ಪುಟದ್ದಕ್ಕೆ ಬಿ ಸೇರಿಸಿ, ಎ ಮೊದಲು ಬರಲಿ. ‘ರಾಮನ್ ಮತ್ತು ಕೃಷ್ಣನ್ 1928’ ಇದ್ದಂತೆಯೇ ಇರಲಿ.”

ಕೊನೆಯ ವಾಕ್ಯ ಹೆಚ್ಚಿನದೆನಿಸಬಹುದು. ಆದರೆ ಲೇಖಕರ ಜೋಡಿ ಬೇರೆಯಾದ್ದರಿಂದ ಅದಕ್ಕೆ ಅಕ್ಷರ ಬೇಡ ಎಂಬುದು ಜೋಡಿಸುವವರಿಗೆ ಗೊತ್ತಾಗುವುದು ಅದರಿಂದಲೇ.

ಆಕರಗಳಿಗೆ ಸಂಖ್ಯೆ ಕೊಡುವ ಪತ್ರಿಕೆಗಳಲ್ಲಿ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ: “14ನೇ ಆಕರ ಪಠ್ಯದಲ್ಲಿಲ್ಲ, ತೆಗೆಯಬಹುದೇ?” ‘ಸರಿ’ ಎನ್ನುವ ಮುನ್ನ ‘13–16’ರಂಥ ಸಾಲುಸಂಖ್ಯೆಯೊಳಗೆ ಅದು ಅಡಗಿದೆಯೇ ನೋಡಿ. ಇದ್ದರೆ ಆ ಪುಟವನ್ನು ತೋರಿಸಿ “ಬದಲಾವಣೆ ಬೇಡ” ಎಂದು ಬರೆಯಿರಿ. ನಿಜಕ್ಕೂ ತೆಗೆಯುವುದಾದರೆ 15ರಿಂದ ಮುಂದಿನ ಎಲ್ಲ ಸಂಖ್ಯೆಗಳೂ ಪಟ್ಟಿಯಲ್ಲಿ, ಪಠ್ಯದಲ್ಲಿ, ಚಿತ್ರಗಳ ಅಡಿಬರಹದಲ್ಲಿ ಒಂದೊಂದು ಇಳಿಯಬೇಕು. ಹಾಗಾಗಿ ತಿದ್ದಿದ ಪ್ರೂಫನ್ನು ಮತ್ತೊಮ್ಮೆ ಕೇಳಿ ಪಡೆದು, ಕಡೆಯ ಸಂಖ್ಯೆ ತನ್ನ ಆಕರಕ್ಕೇ ಹೋಗಿ ಮುಟ್ಟುತ್ತದೆಯೇ ಎಂದು ಪರೀಕ್ಷಿಸಬೇಕು.