ಕಾಲುಂಗುರ ಹೇಳಿದ ಊರು

1912ರ ಡಿಸೆಂಬರ್ 23ರಂದು ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ, ತೋಟದ ಮನೆಯೊಂದರೊಳಗೆ ಅಂಬರಗುಬ್ಬಿ ಸಿಕ್ಕಿತು. ಅದರ ಕಾಲಲ್ಲಿ ಪುಟ್ಟ ಲೋಹದ ಉಂಗುರ. ಮೇಲೆ ‘ಬಿ 830’ ಎಂಬ ಸಂಖ್ಯೆ, ಜೊತೆಗೆ ವಿದರ್‌ಬಿ, ಹೈ ಹಾಲ್ಬರ್ನ್, ಲಂಡನ್ ಎಂಬ ವಿಳಾಸ. ಸಿಕ್ಕವರು ಆ ವಿಳಾಸಕ್ಕೆ ಕಾಗದ ಬರೆದರು.

ಪಕ್ಷಿ ಪತ್ರಿಕೆಯೊಂದರ ಸಂಪಾದಕರಾದ ವಿದರ್‌ಬಿ 1909ರಲ್ಲಿ ಈ ಉಂಗುರ ಯೋಜನೆ ಶುರುಮಾಡಿದ್ದರು. ದಾಖಲೆಯಲ್ಲಿ ಆ ಸಂಖ್ಯೆಯ ಗುರುತು ಸಿಕ್ಕಿತು: 1911ರ ಮೇ 6ರಂದು ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ ಜಾನ್ ಮೇಸ್‌ಫೀಲ್ಡ್ ಎಂಬ ವಕೀಲರು ತಮ್ಮ ಮನೆಯಲ್ಲಿ ಗೂಡು ಕಟ್ಟಿದ್ದ ಹಕ್ಕಿಗೆ ತೊಡಿಸಿದ್ದು.

ಬ್ರಿಟನ್ನಿನ ಅಂಬರಗುಬ್ಬಿಗಳು ಚಳಿಗಾಲ ಕಳೆಯಲು ಆಫ್ರಿಕಾದ ದಕ್ಷಿಣ ತುದಿಯವರೆಗೂ ಹೋಗುತ್ತವೆ ಎಂಬುದಕ್ಕೆ ಇದೇ ಮೊದಲ ಖಚಿತ ಪುರಾವೆ. ಆದರೆ ಉಂಗುರ ಹೇಳುವುದು ತೊಡಿಸಿದ ಜಾಗ, ಸಿಕ್ಕ ಜಾಗ ಎರಡನ್ನೇ. ನಡುವಿನ ದಾರಿ ತಿಳಿಯಬೇಕಾದರೆ ಇನ್ನೂ ಬೇರೆ ಬೇರೆ ಕಡೆ ಉಂಗುರದ ಹಕ್ಕಿಗಳು ಸಿಗಬೇಕು.